ತಿಂಗಳಿಗೆ 17 ಕ್ಯಾನ್: ಶಿವಮೊಗ್ಗದ ಒಂದು ಮನೆಯ ಕುಡಿಯುವ ನೀರಿನ ಲೆಕ್ಕ

ನಾನು ಹನ್ನೊಂದು ವರ್ಷದಿಂದ ಶಿವಮೊಗ್ಗದಲ್ಲಿ ನೀರಿನ ಫಿಲ್ಟರ್ ಸರ್ವಿಸ್ ಮಾಡುತ್ತಿದ್ದೇನೆ. ಮೊದಲು ಒಂದು ಕಂಪನಿಯ ಪರವಾಗಿ ಹೋಗುತ್ತಿದ್ದೆ. ಈಗ ಸ್ವಂತವಾಗಿ ಮಾಡುತ್ತೇನೆ. ಹೋದ ಮನೆಯಲ್ಲೆಲ್ಲ ಒಂದೇ ಪ್ರಶ್ನೆ: "ಕ್ಯಾನ್ ತರಿಸೋದು ಲಾಭನಾ, ಫಿಲ್ಟರ್ ಹಾಕಿಸೋದು ಲಾಭನಾ?" ಬಾಯಿಮಾತಿನಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ಆದರೆ ಒಂದು ಮನೆಯವರ ಹತ್ತಿರ ನಾಲ್ಕು ವರ್ಷದ ಪೂರ್ತಿ ಲೆಕ್ಕ ಇತ್ತು. ಅದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಕಂಪನಿ ಯಾವುದನ್ನೂ ಹೇಳುವುದಿಲ್ಲ. ಮನೆಯಾಕೆಯನ್ನು ನಾನು ಅಕ್ಕ ಅಂತಲೇ ಕರೆಯುವುದು, ಅವರ ಯಜಮಾನರನ್ನು ಭಾವ ಅಂತ. ಇಲ್ಲೂ ಹಾಗೇ ಇರಲಿ.

ಮನೆ ಮತ್ತು ನೀರು

ಮನೆಯಲ್ಲಿ ಐದು ಜನ. ಅಕ್ಕ, ಭಾವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಭಾವನ ಅಮ್ಮ. ಮಹಡಿ ಮೇಲಿನ ಬಾಡಿಗೆ ಮನೆ. ನಗರದ ನಲ್ಲಿಗೆ ಬರುವುದು ತುಂಗಾ ನದಿಯ ನೀರು. ಅದು ಕೆಳಗಿನ ಸಂಪಿಗೆ ಬಿದ್ದು, ಮೋಟಾರಿನಿಂದ ಟ್ಯಾಂಕಿಗೆ ಏರಿ, ಅಡುಗೆಮನೆಗೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಸಾಲದೆ ಬಂದಾಗ ಮಾಲೀಕರು ಅದೇ ಸಂಪಿಗೆ ಬೋರ್‌ವೆಲ್ ನೀರನ್ನೂ ಬಿಡುತ್ತಾರೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಜ್ಜಿ ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ತುಂಗಾ ಪಾನ, ಗಂಗಾ ಸ್ನಾನ ಅನ್ನುವ ಮಾತನ್ನು ನಂಬಿ ಬದುಕಿದವರು. ನಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ತಾಮ್ರದ ಬಿಂದಿಗೆಯಲ್ಲಿ ಇಟ್ಟು ಕುಡಿಯುತ್ತಿದ್ದರು. ಒಂದು ಮಳೆಗಾಲದಲ್ಲಿ ನಲ್ಲಿಯಲ್ಲಿ ಕೆಂಪು ನೀರು ಬಂತು. ಚಿಕ್ಕವನಿಗೆ ವಾರಗಟ್ಟಲೆ ಹೊಟ್ಟೆ ಕೆಟ್ಟಿತು. ಅವತ್ತಿನಿಂದ ಕ್ಯಾನ್ ಶುರುವಾಯಿತು. 20 ಲೀಟರ್ ಕ್ಯಾನ್, ಮಹಡಿ ಹತ್ತಿಸಿ ಕೊಟ್ಟರೆ 40 ರೂಪಾಯಿ.

ಅಕ್ಕನಿಗೆ ಒಂದು ಒಳ್ಳೆಯ ಅಭ್ಯಾಸ ಇದೆ. ಹಾಲು, ಪೇಪರ್, ಕ್ಯಾನ್ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಕ್ಯಾನ್ ಬಂದ ದಿನ ತಾರೀಖಿನ ಸುತ್ತ ಒಂದು ಸೊನ್ನೆ. ಹಳೆಯ ಕ್ಯಾಲೆಂಡರನ್ನೂ ಬಿಸಾಡುವುದಿಲ್ಲ. ನಾನು ಎರಡು ವರ್ಷ ಆದಮೇಲೆ ಕೇಳಿದಾಗ ಅಕ್ಕಿ ಡಬ್ಬಿಯ ಹಿಂದಿನಿಂದ ತೆಗೆದುಕೊಟ್ಟರು. ಈ ಪ್ರಕರಣ ಬರೆಯಲು ಆದದ್ದೇ ಅದರಿಂದ.

ಮೊದಲ ನಿರ್ಧಾರ

2022ರ ಮೇ ತಿಂಗಳಲ್ಲಿ ಆರ್‌ಒ ಫಿಲ್ಟರ್ ಮಾರುವವರು ಮನೆಗೆ ಬಂದರು. ಎರಡು ಲೋಟ ಇಟ್ಟರು. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಕಬ್ಬಿಣದ ಸರಳುಗಳಿದ್ದ ಒಂದು ಸಾಧನವನ್ನು ಎರಡಕ್ಕೂ ಇಳಿಸಿ ಕರೆಂಟ್ ಕೊಟ್ಟರು. ನಲ್ಲಿ ನೀರು ನೋಡನೋಡುತ್ತಾ ಕಂದು ಬಣ್ಣಕ್ಕೆ ತಿರುಗಿತು, ಮೇಲೆ ನೊರೆ ಕಟ್ಟಿತು. ಆರ್‌ಒ ನೀರು ತಿಳಿಯಾಗಿಯೇ ಇತ್ತು. "ಮಕ್ಕಳಿಗೆ ಇದನ್ನಾ ಕುಡಿಸ್ತಿರೋದು?" ಅಂದರಂತೆ. ಯಾವ ತಾಯಿಗೆ ತಡೆಯುತ್ತದೆ ಹೇಳಿ.

ಭಾವ ಅಲ್ಲೇ ಕೂತು ಲೆಕ್ಕ ಹಾಕಿದರು. ಯಂತ್ರಕ್ಕೆ 16,500 ರೂಪಾಯಿ. ಕ್ಯಾನಿಗೆ ತಿಂಗಳಿಗೆ ಹತ್ತಿರ ಹತ್ತಿರ 700 ಹೋಗುತ್ತಿದೆ. ಎರಡು ವರ್ಷದಲ್ಲಿ ದುಡ್ಡು ವಾಪಸ್, ಆಮೇಲೆ ನೀರು ಪುಕ್ಕಟೆ. ಹೀಗಂದುಕೊಂಡು ತಗೊಂಡರು.

ಈ ಲೆಕ್ಕವನ್ನು ನಾನು ನೂರಾರು ಮನೆಯಲ್ಲಿ ಕೇಳಿದ್ದೇನೆ. ತಪ್ಪು ಇರುವುದು "ಆಮೇಲೆ ಪುಕ್ಕಟೆ" ಅನ್ನುವ ಕಡೆ. ಯಂತ್ರದ ಬೆಲೆ ಒಂದು ಸಲ ಕೊಟ್ಟು ಮರೆತುಬಿಡಬಹುದು. ಒಳಗಿನ ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಫಿಲ್ಟರ್, ಮೆಂಬ್ರೇನ್, ಯುವಿ ದೀಪ ಇವೆಲ್ಲ ಬತ್ತಿಯ ಹಾಗೆ, ಬಳಸಿದಷ್ಟೂ ತೀರುತ್ತಾ ಹೋಗುತ್ತವೆ. ಭಾವನ ಲೆಕ್ಕದಲ್ಲಿ ಅವಕ್ಕೆ ಜಾಗವೇ ಇರಲಿಲ್ಲ.

26 ತಿಂಗಳಲ್ಲಿ ಆದದ್ದು

ಮೊದಲ ವರ್ಷ ವಾರಂಟಿ ಇತ್ತು. ಆದರೆ ಯಂತ್ರದ ಹೊರಗೆ ಗೋಡೆಗೆ ತಗಲಿಸುವ ಬೌಲ್, ಅದರೊಳಗಿನ ಮಣ್ಣು ಹಿಡಿಯುವ ಸ್ಪನ್ ಫಿಲ್ಟರ್, ವಾರಂಟಿಗೆ ಸೇರಿರಲಿಲ್ಲ. ಜುಲೈ ಬಂದಾಗ ನೀರು ಸಣ್ಣಗೆ ಸುರಿಯತೊಡಗಿತು. ಸರ್ವಿಸ್‌ನವರು ಬಂದು ಸ್ಪನ್ ಬದಲಿಸಿದರು. ಬಂದ ಚಾರ್ಜ್ ಸೇರಿ 450. ಆ ವರ್ಷ ಹೀಗೆ ಎರಡು ಸಲ ಆಯಿತು, ಒಟ್ಟು 900.

ವಾರಂಟಿ ಮುಗಿಯುವ ಹೊತ್ತಿಗೆ ಎಎಂಸಿಗೆ, ಅಂದರೆ ವರ್ಷದ ಸರ್ವಿಸ್ ಒಪ್ಪಂದಕ್ಕೆ, ಫೋನ್ ಬಂತು. ವರ್ಷಕ್ಕೆ 4,500, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 5,310. ತಿಂಗಳಿಗೆ ಹಂಚಿದರೆ 442 ರೂಪಾಯಿ. ಅಂದರೆ ಯಂತ್ರದ ಬೆಲೆಯನ್ನು ಮರೆತೇಬಿಟ್ಟರೂ ಬರೀ ಎಎಂಸಿಗೆ ತಿಂಗಳಿಗೆ 11 ಕ್ಯಾನಿನ ದುಡ್ಡು. ಅಕ್ಕ ಬೇಡ ಅಂದರು. ಬದಲಿಗೆ ಎರಡನೇ ವರ್ಷ ಒಳಗಿನ ಫಿಲ್ಟರ್ ಸೆಟ್ ಹಾಕಿಸಿದರು. ಸೆಟ್‌ಗೆ 2,200, ಬಂದ ಚಾರ್ಜ್ 400, ಹೊರಗಿನ ಸ್ಪನ್‌ಗೆ ಮತ್ತೆ 900. ಒಟ್ಟು 3,500.

ಕ್ಯಾನ್ ಪೂರ್ತಿ ನಿಂತಿತಾ? ಇಲ್ಲ. ಜುಲೈ ಆಗಸ್ಟ್‌ನಲ್ಲಿ ಮರ ಬಿದ್ದು, ಲೈನ್ ಹೋಗಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಆರ್‌ಒ ಯಂತ್ರಕ್ಕೆ ಪಂಪ್ ಓಡಬೇಕು, ಕರೆಂಟ್ ಇಲ್ಲದೆ ಹನಿ ನೀರೂ ಬರುವುದಿಲ್ಲ. ಒಳಗಿನ ಏಳು ಲೀಟರ್ ಐದು ಜನಕ್ಕೆ ಒಂದು ದಿನಕ್ಕೂ ಸಾಲದು. ಕ್ಯಾಲೆಂಡರಿನಲ್ಲಿ ಎಣಿಸಿದರೆ ಯಂತ್ರ ಬಂದ ಮೇಲಿನ 26 ತಿಂಗಳಲ್ಲಿ 31 ಸೊನ್ನೆಗಳಿದ್ದವು. 1,240 ರೂಪಾಯಿ.

ಈಗ ಕೂಡಿಸೋಣ. ಯಂತ್ರ 16,500, ಮೊದಲ ವರ್ಷ 900, ಎರಡನೇ ವರ್ಷ 3,500, ಕ್ಯಾನ್ 1,240. ಒಟ್ಟು 22,140. ತಿಂಗಳಿಗೆ ಸುಮಾರು 850.

ಕ್ಯಾನನ್ನೇ ಮುಂದುವರಿಸಿದ್ದರೆ? ಯಂತ್ರ ತರುವ ಮುಂಚಿನ ಒಂದು ವರ್ಷದ ಸೊನ್ನೆಗಳನ್ನು ಅಕ್ಕನೂ ನಾನೂ ಕೂತು ಎಣಿಸಿದೆವು. ಆಗಸ್ಟ್‌ನಲ್ಲಿ 13, ಮೇ ತಿಂಗಳಲ್ಲಿ ನೆಂಟರೆಲ್ಲ ಬಂದು 23. ವರ್ಷಕ್ಕೆ 204 ಕ್ಯಾನ್, ತಿಂಗಳಿಗೆ 17. ತಿಂಗಳಿಗೆ 680 ರೂಪಾಯಿ. ಫಿಲ್ಟರ್ ಹಾಕಿಸಿ ಎರಡು ವರ್ಷ ದಾಟಿದರೂ ಕ್ಯಾನಿಗಿಂತ ತಿಂಗಳಿಗೆ 170 ಜಾಸ್ತಿಯೇ ಹೋಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಯಂತ್ರ ಬಂದ ಮೇಲೆ ಅಕ್ಕ ಅನ್ನಕ್ಕೂ ಸಾರಿಗೂ ಅದೇ ನೀರು ಹಾಕತೊಡಗಿದ್ದರು. ದಿನಕ್ಕೆ 11 ಲೀಟರ್ ಇದ್ದದ್ದು 18 ಲೀಟರ್ ಆಗಿತ್ತು. "ಅಷ್ಟು ನೀರನ್ನು ಕ್ಯಾನಲ್ಲಿ ತರಿಸಿದ್ರೆ ಸಾವಿರದ ಮೇಲೆ ಆಗ್ತಿತ್ತಲ್ಲ" ಅಂತ ಭಾವ ವಾದ ಮಾಡಿದರು. ನಾನು ಒಪ್ಪಲಿಲ್ಲ. ಅನ್ನದ ನೀರು ಹೇಗೂ ಕುದಿಯುತ್ತದೆ, ಹಿಂದೆ ಅದಕ್ಕೆ ನಲ್ಲಿ ನೀರೇ ಹಾಕುತ್ತಿದ್ದರು. ಹೊಸದಾಗಿ ಹುಟ್ಟಿಕೊಂಡ ಖರ್ಚನ್ನು ಉಳಿತಾಯ ಅಂತ ಬರೆದುಕೊಳ್ಳಬಾರದು.

ನನ್ನನ್ನು ಕರೆದ ದಿನ

2024ರ ಜುಲೈನಲ್ಲಿ ಯಂತ್ರ ತೊಟ್ಟಿಕ್ಕತೊಡಗಿತು. ಕಂಪನಿಯವರು ನೋಡಿ ಮೆಂಬ್ರೇನ್ ಹೋಗಿದೆ, ಫಿಲ್ಟರ್ ಸೆಟ್ ಹಾಕಬೇಕು, ಗುಡುಗಿನಲ್ಲಿ ಅಡಾಪ್ಟರ್ ಕೂಡ ಪೆಟ್ಟು ತಿಂದಿದೆ ಅಂತ 7,800ರ ಎಸ್ಟಿಮೇಟ್ ಕೊಟ್ಟರು. ಅಕ್ಕನಿಗೆ ಅನುಮಾನ ಬಂತು. "ಒಂದ್ಸಲ ನೀನು ನೋಡಿ ಹೇಳು ತಮ್ಮ" ಅಂತ ಕರೆದರು.

ನಾನು ಮೊದಲು ಯಂತ್ರ ಮುಟ್ಟಲಿಲ್ಲ. ನಲ್ಲಿ ನೀರು ಒಂದು ಲೋಟ, ಫಿಲ್ಟರ್ ನೀರು ಒಂದು ಲೋಟ ತಗೊಂಡು ಟಿಡಿಎಸ್ ಮೀಟರ್ ಅದ್ದಿದೆ. ನಲ್ಲಿ ನೀರು 58. ಫಿಲ್ಟರ್ ನೀರು 41.

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಸುಣ್ಣ ಇತ್ಯಾದಿಯ ಒಟ್ಟು ಅಳತೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ 500ರ ತನಕ ಸರಿ ಅಂತ ಇದೆ. ಆರ್‌ಒ ಮೆಂಬ್ರೇನ್ ಇರುವುದೇ ಈ ಕರಗಿದ್ದನ್ನು ತೆಗೆಯಲಿಕ್ಕೆ. ಚೆನ್ನಾಗಿದ್ದರೆ ನೂರಕ್ಕೆ ತೊಂಬತ್ತರಷ್ಟು ತೆಗೆಯುತ್ತದೆ. 58 ಇದ್ದದ್ದು ಆರೇಳಕ್ಕೆ ಇಳಿಯಬೇಕಿತ್ತು. 41 ಬಂತು ಅಂದರೆ ಮೆಂಬ್ರೇನ್ ಕೆಟ್ಟಿದೆ, ಕಂಪನಿಯವರು ಹೇಳಿದ್ದು ಸುಳ್ಳಲ್ಲ. ಕೆಲವು ಯಂತ್ರದಲ್ಲಿ ರುಚಿಗೆ ಅಂತ ನಲ್ಲಿ ನೀರನ್ನು ಸ್ವಲ್ಪ ಬೆರೆಸುವ ತಿರುಪು ಇರುತ್ತದೆ, ಅದರಿಂದಲೂ ಅಂಕಿ ಏರಬಹುದು. ಅದನ್ನು ಪೂರ್ತಿ ಮುಚ್ಚಿ ಮತ್ತೆ ಅಳೆದೆ. ಅಷ್ಟೇ ಬಂತು.

ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ಒಂದು ಮಾತು ಹೇಳಿದರು. "ಮೊದ್ಲು ಈ ನೀರು ಬರೀ ಸಪ್ಪೆ ಇರ್ತಿತ್ತು ಮಾರಾಯ. ಯುಗಾದಿ ಆದ್ಮೇಲೆ ಏನೋ ರುಚಿ ಬಂದಿದೆ. ಈಗ ನಾನೂ ಅದನ್ನೇ ಕುಡಿತೀನಿ."

ಯುಗಾದಿಯಿಂದ ಜುಲೈ ತನಕ ಮೂರು ತಿಂಗಳು. ಅಷ್ಟು ದಿನದಿಂದ ಮೆಂಬ್ರೇನ್ ಕೆಲಸ ಮಾಡುತ್ತಿರಲಿಲ್ಲ. ಮನೆಯವರೆಲ್ಲ ಕರಗಿದ ಅಂಶ ಹೆಚ್ಚುಕಮ್ಮಿ ಹಾಗೇ ಉಳಿದ ತುಂಗೆಯ ನೀರನ್ನೇ, ಮಣ್ಣು ಸೋಸಿ, ಯುವಿ ದೀಪದ ಕೆಳಗೆ ಹಾದು ಬಂದದ್ದನ್ನು, ಕುಡಿಯುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಈ ನೀರಿಗೆ ಆರ್‌ಒ ಬೇಕಾಗಿಯೇ ಇರಲಿಲ್ಲ ಅನ್ನುವುದು ಅವತ್ತು ಅಜ್ಜಿಯ ಬಾಯಿಂದಲೇ ಗೊತ್ತಾಯಿತು. ಮಲೆನಾಡಿನ ಹೊಳೆ ನೀರು ಹುಟ್ಟಾ ಮೆದು ನೀರು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕು ಅಂತ ಹೇಳಿದ್ದು ಕೂಡ, ಬೇಡದ ಕಡೆ ಅದು ನೀರು ಪೋಲು ಮಾಡುತ್ತದೆ ಅನ್ನುವ ಕಾರಣಕ್ಕೇ. ಒಂದು ಲೀಟರ್ ಕೊಟ್ಟು ಸಾಮಾನ್ಯವಾಗಿ ಮೂರು ಲೀಟರ್ ಹೊರಗೆ ಬಿಡುತ್ತದೆ. ಈ ಮನೆಯಲ್ಲಿ ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ನೀರು ಸಿಂಕ್ ಪಾಲಾಗುತ್ತಿತ್ತು.

ಎರಡು ವರ್ಷದ ಹಿಂದಿನ ಕಂದು ಬಣ್ಣದ ಲೋಟ ಅಕ್ಕನ ತಲೆಯಲ್ಲಿ ಇನ್ನೂ ಇತ್ತು. "ಹಾಗಾದ್ರೆ ಅದೇನು?" ಅಂತ ಕೇಳಿದರು. ಅಂಥದ್ದೇ ಸಾಧನ ನನ್ನ ಬ್ಯಾಗಿನಲ್ಲಿ ಇತ್ತು. ಒಂದು ಕ್ಯಾನ್ ನೀರು ತೆರೆದು ಲೋಟಕ್ಕೆ ಹಾಕಿ, ಸರಳು ಇಳಿಸಿ ಕರೆಂಟ್ ಕೊಟ್ಟೆ. ತಿಳಿಯಾಗಿಯೇ ಇತ್ತು. ಆಮೇಲೆ ಅದೇ ಲೋಟಕ್ಕೆ ಅಡುಗೆಯ ಉಪ್ಪು ಒಂದು ಚಿಟಿಕೆ ಹಾಕಿ ಕಲಕಿದೆ. ನಿಮಿಷದೊಳಗೆ ಕಂದು ನೊರೆ ಎದ್ದಿತು. ನೀರಿನಲ್ಲಿ ಉಪ್ಪಿನಂಶ ಇದ್ದರೆ ಕರೆಂಟ್ ಹರಿಯುತ್ತದೆ, ಕರೆಂಟ್ ಹರಿದರೆ ಸರಳಿನ ಕಬ್ಬಿಣವೇ ಕರಗಿ ತುಕ್ಕಾಗಿ ಬಿಡುತ್ತದೆ. ಆ ಬಣ್ಣ ಸರಳಿನದು, ನೀರಿನ ಕೊಳೆಯಲ್ಲ. ಅಕ್ಕ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಹಾಗಂತ ಟಿಡಿಎಸ್ ಕಡಿಮೆ ಇದ್ದರೆ ನೀರು ಶುದ್ಧ ಅಂತ ತಿಳಿಯಬೇಡಿ. ಚಿಕ್ಕವನ ಹೊಟ್ಟೆ ಕೆಡಿಸಿದ್ದು ಉಪ್ಪಲ್ಲ, ರೋಗಾಣು. ಮೀಟರಿಗೆ ರೋಗಾಣು ಕಾಣುವುದಿಲ್ಲ. ಮಳೆಗಾಲದ ತುಂಗೆ ನೀರಿಗೆ ಎರಡು ಕೆಲಸ ಆಗಬೇಕು: ಮಣ್ಣು ಹೋಗಬೇಕು, ರೋಗಾಣು ಸಾಯಬೇಕು. ಅದಕ್ಕೆ ರೋಗಾಣು ಕೊಲ್ಲುವ ಯುವಿ ದೀಪ ಮತ್ತು ಸಣ್ಣ ಕಣ ಸೋಸುವ ಯುಎಫ್ ಪೊರೆ ಇರುವ ಯಂತ್ರ ಸಾಕು.

ಆಮೇಲೆ ಹೊರಗಿನ ಬೌಲ್ ಬಿಚ್ಚಿದೆ. ಬಿಳಿ ಇರಬೇಕಾದ ಸ್ಪನ್ ಇಟ್ಟಿಗೆ ಬಣ್ಣಕ್ಕೆ ಬಂದಿತ್ತು, ಕೈಗೆ ಜೇಡಿಮಣ್ಣಿನಂತೆ ಜಾರುತ್ತಿತ್ತು. ಚಾಕುವಿನಿಂದ ಅಡ್ಡ ಕತ್ತರಿಸಿದೆ. ಹೊರಸುತ್ತು ಮಾತ್ರ ಕೆಂಪಾಗಿ, ಒಳಗೆ ಬಿಳಿ ಉಳಿದಿದ್ದರೆ ಸಮಯಕ್ಕೆ ತೆಗೆದಂತೆ. ಇಲ್ಲಿ ಕೆಂಪು ನಡುವಿನ ತೂತಿನ ತನಕ ಇಳಿದಿತ್ತು. ಅಂದರೆ ಮಣ್ಣು ಅದನ್ನು ದಾಟಿ ಒಳಗಿನ ಫಿಲ್ಟರಿಗೆ ಹೋಗಿದೆ. ಕಾರ್ಬನ್ ಫಿಲ್ಟರ್ ಕೂಡ ಅವಧಿ ಮೀರಿತ್ತು. ಅದು ಸೋತರೆ ನಲ್ಲಿ ನೀರಿನ ಕ್ಲೋರಿನ್ ನೇರ ಮೆಂಬ್ರೇನಿಗೆ ತಾಗುತ್ತದೆ, ಮೆಂಬ್ರೇನ್ ಸಾಯುವುದು ಹಾಗೇ. 120 ರೂಪಾಯಿಯ ಸ್ಪನ್ ಬದಲಿಸಲಿಕ್ಕೆ ಪ್ರತಿ ಸಲ 450 ಕೊಡಬೇಕಲ್ಲ ಅಂತ ತಡ ಮಾಡಿದ್ದರು. ತಡ ಮಾಡಿದ್ದಕ್ಕೆ 2,800ರ ಮೆಂಬ್ರೇನ್ ಹೋಯಿತು.

ಎರಡನೇ ನಿರ್ಧಾರ

ಆಗ ಎದುರಿಗೆ ಇದ್ದ ದಾರಿಗಳನ್ನು ಒಂದೊಂದಾಗಿ ನೋಡಿದೆವು.

ಭಾವ ಆರ್‌ಒ ತರುವ ಮುಂಚೆ ಎರಡು ತಿಂಗಳು ಸರ್ಕಾರದ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದಿದ್ದರು. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. 17 ಕ್ಯಾನಿಗೆ ತಿಂಗಳಿಗೆ 85 ರೂಪಾಯಿ, ಇದಕ್ಕಿಂತ ಅಗ್ಗ ಯಾವುದೂ ಇಲ್ಲ. ಆದರೆ ಸ್ಕೂಟರಿನ ಕಾಲಿನ ಹತ್ತಿರ ಇಟ್ಟು ತಂದು, 20 ಕೇಜಿ ಹೊತ್ತು ಮಹಡಿ ಹತ್ತಬೇಕು. ಸೊಂಟ ಹಿಡಿಯಿತು. ಒಂದು ವಾರ ಘಟಕ ರಿಪೇರಿ ಅಂತ ಮುಚ್ಚಿತ್ತು. ಅಲ್ಲಿಗೆ ನಿಂತಿತು. ನೆಲಮಹಡಿಯ ಮನೆಯಾಗಿದ್ದರೆ, ಘಟಕ ಬೀದಿ ಕೊನೆಯಲ್ಲಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ.

ಅಜ್ಜಿಯ ಹಾಗೆ ಎಲ್ಲವನ್ನೂ ಕುದಿಸಿದರೆ? 20 ಲೀಟರ್ ನೀರು ಕುದಿ ಬರಲು ಸುಮಾರು ಕಾಲು ಕೇಜಿಯಷ್ಟು ಗ್ಯಾಸ್ ಬೇಕು. ಸಿಲಿಂಡರ್ 900 ಅಂತ ಇಟ್ಟುಕೊಂಡರೆ ಸುಮಾರು 16 ರೂಪಾಯಿ. 17 ಕ್ಯಾನಿನಷ್ಟು ನೀರಿಗೆ ತಿಂಗಳಿಗೆ 272. ದುಡ್ಡಿನಲ್ಲಿ ಕ್ಯಾನಿಗಿಂತ ಎಷ್ಟೋ ವಾಸಿ. ಆದರೆ ದಿನಕ್ಕೆ 11 ಲೀಟರ್ ಕುದಿಸಿ, ಆರಿಸಿ, ಸೋಸುವ ಕೆಲಸ ಯಾರ ಮೇಲೆ ಬೀಳುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅಕ್ಕ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವವರು. ಆಗುವುದಿಲ್ಲ ಅಂದರು, ನ್ಯಾಯವೇ.

ಇನ್ನು ಅಂಗಡಿಯ ಬಾಟಲಿ. ಲೀಟರಿಗೆ 20 ಅಂದರೆ ಒಂದು ಕ್ಯಾನಿನಷ್ಟು ನೀರಿಗೆ 400, ಕ್ಯಾನಿನ ಹತ್ತು ಪಟ್ಟು. ಮನೆಗೆ ಯಾರೂ ತರುವುದಿಲ್ಲ. ಆದರೆ ಬಸ್‌ಸ್ಟ್ಯಾಂಡಿನಲ್ಲಿ, ಟ್ಯೂಷನ್ ಹತ್ತಿರ, ಮದುವೆಗೆ ಹೋದಾಗ ಅಂತ ತಿಂಗಳಿಗೆ ಎಂಟೊಂಬತ್ತು ಬಾಟಲಿ ಆಗುತ್ತಿತ್ತು. ಅದು ಮನೆಯಲ್ಲಿ ಯಾವ ಯಂತ್ರ ಇದ್ದರೂ ಆಗುತ್ತಿದ್ದ ಖರ್ಚು, ಹಾಗಾಗಿ ಎರಡೂ ಕಡೆಯ ಲೆಕ್ಕದಿಂದ ಬಿಟ್ಟೆ.

ಉಳಿದದ್ದು ಎರಡು ದಾರಿ. 7,800 ಕೊಟ್ಟು ಆರ್‌ಒ ರಿಪೇರಿ ಮಾಡಿಸುವುದು, ಅಥವಾ 8,500ರ ಯುವಿ-ಯುಎಫ್ ಯಂತ್ರ ತರುವುದು. ಹಳೆಯದಕ್ಕೆ ಎಕ್ಸ್‌ಚೇಂಜ್‌ನಲ್ಲಿ 1,000 ಸಿಗುತ್ತಿತ್ತು, ಕೈಯಿಂದ ಹೋಗುವುದು 7,500. "ಹದಿನಾರು ಸಾವಿರ ಹಾಕಿದ್ದು ಹಾಳಾಗುತ್ತಲ್ಲ" ಅಂತ ಭಾವನಿಗೆ ಸಂಕಟ. ಆ ದುಡ್ಡು ರಿಪೇರಿ ಮಾಡಿಸಿದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ ಅಂತ ಹೇಳಿದೆ. ಇವತ್ತು ಜೇಬಿನಿಂದ ಹೋಗುವುದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಮುಂದೆ ಯಾವುದು ಎಷ್ಟು ತಿನ್ನುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಯಂತ್ರ ಆರು ವರ್ಷ ಬಾಳುತ್ತದೆ ಅಂತ ಇಟ್ಟುಕೊಂಡೆವು. ಆರ್‌ಒ ಹೊಸದಾಗಿ ತಂದರೆ ಬೆಲೆಯ ಪಾಲು ತಿಂಗಳಿಗೆ 229. ಫಿಲ್ಟರ್ ಸೆಟ್, ಸರ್ವಿಸ್, ಸ್ಪನ್, ಮೂರು ವರ್ಷಕ್ಕೊಂದು ಮೆಂಬ್ರೇನ್ ಸೇರಿ ತಿಂಗಳಿಗೆ 369. ಕರೆಂಟ್ ಎರಡು ಮೂರು ಯೂನಿಟ್, 15 ರೂಪಾಯಿ ಹಿಡಿಯೋಣ. ಒಟ್ಟು 613. ಯುವಿ-ಯುಎಫ್‌ಗೆ ಬೆಲೆಯ ಪಾಲು 104. ವರ್ಷಕ್ಕೊಂದು ಸೆಟ್ 1,600, ಬಂದ ಚಾರ್ಜ್ 400, ನಾಲ್ಕು ಸ್ಪನ್ 480, ಇವು ಸೇರಿ ತಿಂಗಳಿಗೆ 207. ಕರೆಂಟ್ 10. ಒಟ್ಟು 321.

ಈ ಅಂಕಿಯನ್ನು ನಾನು ಕ್ಯಾನ್ ಬೆಲೆಯಿಂದ ಭಾಗಿಸಿ ತೋರಿಸಿದೆ, ಯಾಕೆಂದರೆ ಅಲ್ಲೇ ವಿಷಯ ಸ್ಪಷ್ಟವಾಗುತ್ತದೆ. ಕ್ಯಾನಿನ ಖರ್ಚು ಕುಡಿದಷ್ಟು. ಫಿಲ್ಟರಿನ ಖರ್ಚು ಹಾಗಲ್ಲ. ನೀವು ದಿನಕ್ಕೆ ನಾಲ್ಕು ಲೀಟರ್ ಕುಡಿದರೂ ಇಪ್ಪತ್ತು ಲೀಟರ್ ಕುಡಿದರೂ ಹೆಚ್ಚುಕಮ್ಮಿ ಅಷ್ಟೇ. ವರ್ಷ ಆದರೆ ಸೆಟ್ ಬದಲಿಸಲೇಬೇಕು. 321ನ್ನು 40ರಿಂದ ಭಾಗಿಸಿದರೆ 8. ತಿಂಗಳಿಗೆ 8 ಕ್ಯಾನಿಗಿಂತ ಜಾಸ್ತಿ ಬಳಸುವ ಮನೆಗೆ ಯುವಿ-ಯುಎಫ್ ಲಾಭ, ಕಡಿಮೆ ಬಳಸುವವರಿಗೆ ಕ್ಯಾನೇ ಲಾಭ. ಆರ್‌ಒಗೆ ಇದೇ ಗಡಿ 15 ಕ್ಯಾನ್. ಈ ಮನೆ 17ರಲ್ಲಿ ಇತ್ತು. ಆರ್‌ಒದಲ್ಲಿ ಸಿಗುವುದು ತಿಂಗಳಿಗೆ 67 ರೂಪಾಯಿ ಉಳಿತಾಯ. ಒಂದು ಅಡಾಪ್ಟರ್ ಸುಟ್ಟರೆ ಎರಡು ವರ್ಷದ ಉಳಿತಾಯಕ್ಕೆ ಹತ್ತಿರ ಹತ್ತಿರ ನೀರು ಬಿಟ್ಟಂತೆ.

ಬೋರ್‌ವೆಲ್ ತಿಂಗಳು

ಯುವಿ ಯಂತ್ರ ತರುವ ಮುಂಚೆ ಒಂದು ತೊಡಕು ಬಗೆಹರಿಯಬೇಕಿತ್ತು. ಏಪ್ರಿಲ್ ಮೇನಲ್ಲಿ ಬೋರ್ ನೀರು ಬೆರೆಯುತ್ತದಲ್ಲ, ಅದಕ್ಕೇನು? ಮಾಲೀಕರಿಗೆ ಹೇಳಿ ಬರೀ ಬೋರ್ ನೀರನ್ನು ಒಂದು ಬಿಳಿ ಬಕೆಟ್ಟಿನಲ್ಲಿ ತುಂಬಿಸಿ ಅಳೆದೆ. ಟಿಡಿಎಸ್ 310. ಅದೂ 500ರ ಒಳಗೇ. ಆದರೆ ಬಕೆಟ್ ರಾತ್ರಿಯಿಡೀ ಹಾಗೇ ಇಟ್ಟು ಬೆಳಿಗ್ಗೆ ನೋಡಿದಾಗ ತಳದಲ್ಲಿ ಅರಿಶಿನ ಬಣ್ಣದ ಗಸಿ ನಿಂತಿತ್ತು. ಕಬ್ಬಿಣದ ಅಂಶ. ಮಲೆನಾಡಿನ ಬೋರ್‌ಗಳಲ್ಲಿ ಇದು ಸಾಮಾನ್ಯ. ಕರಗಿದ ಕಬ್ಬಿಣವನ್ನು ಯುವಿ-ಯುಎಫ್ ತೆಗೆಯುವುದಿಲ್ಲ. ಆರ್‌ಒ ತೆಗೆಯುತ್ತದೆ, ಆದರೆ ಆ ಗಸಿ ಮೆಂಬ್ರೇನಿಗೆ ಮೆತ್ತಿ ಬೇಗ ಕೆಡಿಸುತ್ತದೆ. ಈ ಮನೆಯ ಮೆಂಬ್ರೇನ್ ಯುಗಾದಿಯ ಹೊತ್ತಿಗೆ ಸೋತದ್ದರಲ್ಲಿ ಹಿಂದಿನ ಎರಡು ಬೇಸಿಗೆಯ ಪಾಲೂ ಇರಬೇಕು ಅಂತ ನನ್ನ ಅಂದಾಜು.

ಎರಡು ತಿಂಗಳ ತೊಂದರೆಗೆ ಹನ್ನೆರಡು ತಿಂಗಳು ಆರ್‌ಒ ಸಾಕುವುದು ಬೇಡ ಅನ್ನುವ ತೀರ್ಮಾನಕ್ಕೆ ಬಂದೆವು. ಬೋರ್ ಬಿಡುವ ದಿನ ಮಾಲೀಕರು ಒಂದು ಮಾತು ಹೇಳಬೇಕು. ಆ ದಿನಗಳಲ್ಲಿ ಕುಡಿಯಲು ಮಾತ್ರ ಕ್ಯಾನ್. ಹಾಗೇ ಮಳೆಗಾಲದ ಕರೆಂಟ್ ಕಡಿತಕ್ಕೆ, ಮುಚ್ಚಳ ಇರುವ 20 ಲೀಟರ್‌ನ ಸ್ಟೀಲ್ ಡ್ರಮ್ಮಿನಲ್ಲಿ ಫಿಲ್ಟರ್ ನೀರು ತುಂಬಿಡುವುದು, ಎರಡು ದಿನಕ್ಕೊಮ್ಮೆ ಚೆಲ್ಲಿ ತೊಳೆದು ಹೊಸದು ತುಂಬುವುದು. ಆ ಡ್ರಮ್ ಮನೆಯಲ್ಲೇ ಇತ್ತು, ಅಕ್ಕಿ ತುಂಬಿಸಿ ಇಟ್ಟಿದ್ದರು.

ಹೊರಗಿನ ಸ್ಪನ್ ಬದಲಿಸುವುದನ್ನು ದೊಡ್ಡ ಮಗಳಿಗೆ ಕಲಿಸಿದೆ. ನೀರಿನ ವಾಲ್ವ್ ಮುಚ್ಚು, ನಲ್ಲಿ ಬಿಟ್ಟು ಒತ್ತಡ ಇಳಿಸು, ಸ್ಪ್ಯಾನರಿನಿಂದ ಬೌಲ್ ತಿರುಗಿಸು, ಹಳೆಯದು ತೆಗೆ, ಬೌಲ್ ತೊಳೆ, ಹೊಸದನ್ನು ನೇರ ಕೂರಿಸು, ರಬ್ಬರ್ ವಾಷರ್ ತನ್ನ ತೋಡಿನಲ್ಲೇ ಇದೆಯಾ ನೋಡು, ಬಿಗಿ ಮಾಡು. ಹತ್ತು ನಿಮಿಷದ ಕೆಲಸ. ವಾಷರ್ ಮಡಚಿಕೊಂಡರೆ ಮಾತ್ರ ಬೌಲ್ ಸೋರುತ್ತದೆ. ಮೊದಲ ಸಲ ಸೋರಿತು, ಎರಡನೇ ಸಲ ಇಲ್ಲ.

ಒಂದು ವರ್ಷದ ನಂತರ

2025ರ ಜುಲೈನಲ್ಲಿ ಸೆಟ್ ಬದಲಿಸಲು ಹೋದಾಗ ಅಕ್ಕ ಕ್ಯಾಲೆಂಡರ್ ತೆಗೆದಿಟ್ಟಿದ್ದರು. ಈಗ ಅದರಲ್ಲಿ ಎರಡು ಗುರುತು. ಕ್ಯಾನಿಗೆ ಸೊನ್ನೆ, ಸ್ಪನ್‌ಗೆ ಒಂದು ಗೀಟು. ವರ್ಷದಲ್ಲಿ 9 ಸೊನ್ನೆ, 4 ಗೀಟು. ನಾಲ್ಕರಲ್ಲಿ ಮೂರು ಗೀಟು ಜುಲೈ ಮತ್ತು ಅಕ್ಟೋಬರ್ ನಡುವೆಯೇ ಇದ್ದವು. ಬೇಸಿಗೆಯಲ್ಲಿ ಆರು ತಿಂಗಳು ಬರುವ ಸ್ಪನ್ ಮಳೆಗಾಲದಲ್ಲಿ ಐದಾರು ವಾರಕ್ಕೆ ಕೆಂಪಾಗುತ್ತದೆ. "ಆರು ತಿಂಗಳಿಗೊಮ್ಮೆ ಬದಲಿಸಿ" ಅಂತ ಪುಸ್ತಕದಲ್ಲಿ ಇರುವುದು ನಮ್ಮ ಮಳೆ ನೋಡಿ ಬರೆದದ್ದಲ್ಲ.

ಖರ್ಚು: ಸ್ಪನ್ 480, ಕ್ಯಾನ್ 360, ಸೆಟ್ ಮತ್ತು ನನ್ನ ಚಾರ್ಜ್ ಸೇರಿ 2,000. ಒಟ್ಟು 2,840. ತಿಂಗಳಿಗೆ 237. ಯಂತ್ರದ ಪಾಲು 104, ಕರೆಂಟ್ 10 ಸೇರಿಸಿದರೆ 351. ಕ್ಯಾನ್ ಕಾಲದ 680ಕ್ಕೆ ಹೋಲಿಸಿದರೆ ಅರ್ಧದ ಹತ್ತಿರ. ಆರ್‌ಒ ಕಾಲದ 850ರ ಮಾತು ಭಾವ ಈಗ ಎತ್ತುವುದಿಲ್ಲ.

ಸೆಟ್ ಜೊತೆಗೆ ಯುವಿ ದೀಪವನ್ನೂ ಬದಲಿಸಿದೆ. "ಉರೀತಾ ಇದೆಯಲ್ಲ, ಯಾಕೆ ಬದಲಿಸ್ತೀಯ?" ಅಂತ ಅಕ್ಕ ಕೇಳಿದರು. ಈ ಪ್ರಶ್ನೆ ಎಲ್ಲರೂ ಕೇಳಬೇಕಾದ್ದೇ. ನೀಲಿ ಬೆಳಕು ಕಾಣುತ್ತಲೇ ಇರುತ್ತದೆ, ಆದರೆ ರೋಗಾಣು ಕೊಲ್ಲುವ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ. ದೀಪ ಹಳೆಯದಾದಂತೆ ಅದು ಸದ್ದಿಲ್ಲದೆ ಇಳಿಯುತ್ತದೆ. ಮೆಂಬ್ರೇನ್ ಸತ್ತರೆ ಅಜ್ಜಿಗೆ ರುಚಿಯಲ್ಲಿ ಗೊತ್ತಾಯಿತು, ದೀಪ ಸೋತರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಈ ಯಂತ್ರದಲ್ಲಿ ದುಡ್ಡು ಉಳಿಸಬಾರದ ಜಾಗ ಅಂದರೆ ಇದೊಂದೇ. ನೀರು ಕೆಂಪಾಗಿ ಬಂದಾಗಲೂ ಅಷ್ಟೇ. ಕದಡಿದ ನೀರಿನೊಳಗೆ ಕಿರಣ ತೂರುವುದಿಲ್ಲ. ಸ್ಪನ್ ಚೆನ್ನಾಗಿದ್ದರೆ ಮಾತ್ರ ದೀಪಕ್ಕೆ ಕೆಲಸ ಮಾಡಲು ಸಾಧ್ಯ.

ಅವತ್ತು ಇಳಿದು ಬರುವಾಗ ಕೆಳಮನೆಯಲ್ಲಿ ಒಬ್ಬರೇ ಇರುವ ಹಿರಿಯ ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಮೇಲಿನವರಿಗೆ ಹಾಕಿದ್ದನ್ನೇ ನನಗೂ ಹಾಕಿಕೊಡಪ್ಪ" ಅಂದರು. ತಿಂಗಳಿಗೆ ಎಷ್ಟು ಕ್ಯಾನ್ ಬರುತ್ತದೆ ಅಂತ ಕೇಳಿದೆ. ನಾಲ್ಕು ಅಂದರು. ಅಂದರೆ 160 ರೂಪಾಯಿ. ಬೇಡ ಅಮ್ಮ, ನಿಮಗೆ ಕ್ಯಾನೇ ಸರಿ ಅಂದೆ. ಅವರ ಕ್ಯಾನ್ ಜಗುಲಿಯಲ್ಲಿ ಬಿಸಿಲಿಗೆ ಬಿದ್ದಿತ್ತು. ಒತ್ತುವ ಪಂಪಿನ ಕೊಳವೆ ಬೆರಳಿಗೆ ಲೋಳೆಯಾಗಿ ತಾಗಿತು. ಕ್ಯಾನನ್ನು ಒಳಗೆ ನೆರಳಿಗೆ ಇಟ್ಟು, ಪಂಪ್ ಬಿಚ್ಚಿ ಬಿಸಿನೀರಿನಲ್ಲಿ ತೊಳೆದುಕೊಟ್ಟೆ. ಪ್ರತಿ ಕ್ಯಾನ್ ಬದಲಿಸುವಾಗ ಹೀಗೆ ತೊಳೆಯಿರಿ, ಸೀಲ್ ಒಡೆದಿದ್ದರೆ, ತುಂಬಿದ ತಾರೀಖು ಇಲ್ಲದಿದ್ದರೆ ವಾಪಸ್ ಕಳಿಸಿ ಅಂತ ಹೇಳಿ ಬಂದೆ.